ತೊಟ್ಟಿಲಲ್ಲಿ ದೀರ್ಘದ ಡಬ್ಬಿ

ಜಮಖಂಡಿಯಲ್ಲಿ ರಾಜರ ಆಳ್ವಿಕೆ ಮುಗಿದು ಎಷ್ಟೋ ಕಾಲವಾಯಿತು ಎಂದು ಪಾಠದ ಪುಸ್ತಕ ಹೇಳುತ್ತದೆ. ಅದು ಸುಳ್ಳು. ಕೋರ್ಟಿನ ಹಿಂದಿನ ಗಲ್ಲಿಯ ನನ್ನ ಡಿಟಿಪಿ ಅಂಗಡಿಯಲ್ಲಿ, ಕಿಟಕಿಯ ಪಕ್ಕದ ಕಾಲು ಅಲುಗುವ ಕುರ್ಚಿಯ ಮೇಲೆ ಒಬ್ಬ ರಾಜ ಇನ್ನೂ ಆಳುತ್ತಿದ್ದಾರೆ. ಅವರ ಹೆಸರು ಸುಭಾಷ್. ಊರಿಗೆಲ್ಲ ಸುಭಾಷ್ ಕಾಕಾ. ಕಿರೀಟದ ಬದಲು ಎಣ್ಣೆ ಹಚ್ಚಿದ ಬಿಳಿಗೂದಲು, ಖಡ್ಗದ ಬದಲು ಕಿವಿಯ ಮೇಲೊಂದು ಪೆನ್ಸಿಲು, ಬೊಕ್ಕಸದ ಬದಲು ಬಿಸ್ಕೀಟಿನ ಒಂದು ಹಳೆಯ ತಗಡಿನ ಡಬ್ಬಿ.

ಆ ಡಬ್ಬಿಯ ಕಥೆ ಮೊದಲು ಹೇಳಬೇಕು. ಕಾಕಾ ಹರೆಯದಿಂದಲೂ ಹಳೆ ಪ್ಯಾಟಿಯ ಅಚ್ಚುಕೂಟವೊಂದರಲ್ಲಿ ಮೊಳೆ ಜೋಡಿಸುತ್ತಿದ್ದವರು. ಮೊಳೆ ಎಂದರೆ ಸೀಸದ ಅಕ್ಷರ. ಮರದ ಖಾನೆಗಳಿಂದ ಒಂದೊಂದನ್ನೇ ಆರಿಸಿ, ಎಡಗೈಯಲ್ಲಿ ಹಿಡಿದ ಜೋಡಣೆಯ ಕಡ್ಡಿಯಲ್ಲಿ ತಿರುಗುಮುರುಗಾಗಿ ಸಾಲು ಕಟ್ಟುವ ಕೆಲಸ. ಸುತ್ತಲಿನ ಊರುಗಳ ಲಗ್ನಪತ್ರಿಕೆ, ಪಾರಿಜಾತದ ಬಯಲಾಟದ ಕರಪತ್ರ, ನೇಕಾರರ ಸಂಘದ ವರದಿ ಎಲ್ಲವೂ ಅವರ ಬೆರಳಿನಿಂದ ಹಾದೇ ಹೊರಬರಬೇಕಿತ್ತು. ತೇರದಾಳದ ಒಬ್ಬ ಮದುಮಗನ ಹೆಸರನ್ನು ಕತ್ತಲಲ್ಲಿ, ಕಂದೀಲು ಆರಿದ ಮೇಲೂ, ತಪ್ಪಿಲ್ಲದೆ ಜೋಡಿಸಿದ್ದನ್ನು ಕಾಕಾ ಈಗಲೂ ಹೇಳುತ್ತಾರೆ. ಪ್ರತಿಸಲ ಹೇಳುವಾಗಲೂ ಕತ್ತಲು ಒಂದಿಷ್ಟು ಗಾಢವಾಗುತ್ತದೆ, ಮದುಮಗನ ಹೆಸರು ಒಂದಿಷ್ಟು ಉದ್ದವಾಗುತ್ತದೆ.

ಅಚ್ಚುಕೂಟ ಮುಚ್ಚಿದಾಗ ಮಾಲೀಕರು ಮೊಳೆಗಳನ್ನೆಲ್ಲ ಕರಗಿಸುವವನಿಗೆ ತೂಗಿಕೊಟ್ಟರು. "ಸುಭಾಷಾ, ನೆನಪಿಗೆ ಏನರೆ ಬೇಕಾದ್ರ ತಗೋ" ಎಂದರು. ಬೇರೆ ಯಾರಾದರೂ ತಮ್ಮ ಹೆಸರಿನ ಅಕ್ಷರ ಆರಿಸಿಕೊಳ್ಳುತ್ತಿದ್ದರು. ಕಾಕಾ ಬಲಮೂಲೆಯ ಖಾನೆಗೆ ಕೈಹಾಕಿ ದೀರ್ಘಗಳನ್ನು ಮಾತ್ರ ಬಾಚಿಕೊಂಡರು. ದೀರ್ಘ ಎಂದರೆ ಕೀ, ಕೇ, ಕೋ ಬರೆಯುವಾಗ ಕೊನೆಯಲ್ಲಿ ಬಲಕ್ಕೆ ಬಾಲದಂತೆ ಬರುವ ಸುರುಳಿ. ಸೀಸದಲ್ಲಿ ಅದು ಬೇರೆಯೇ ತುಂಡು.

"ಅದನ್ನ ಯಾಕ ತಗೊಂಡ್ರಿ ಕಾಕಾ?" ಎಂದು ನಾನೊಮ್ಮೆ ಕೇಳಿದ್ದೆ.

"ಉಳಿದ ಅಕ್ಷರ ಎಲ್ಲಾರ ಕಡೆ ಅದಾವ. ದೀರ್ಘ ಇಲ್ಲದ ಕನ್ನಡ ಕೆಮ್ಮಿದಂಗ ಕೇಳ್ತೈತಿ" ಎಂದರು.

ಅಂದಿನಿಂದ ಆ ಡಬ್ಬಿ ಅವರ ಸಂಗಡವೇ ಇದೆ. ಎತ್ತಿದರೆ ತೋಳು ಜಗ್ಗುವಷ್ಟು ಭಾರ. ನನ್ನ ಅಂಗಡಿಯಲ್ಲಿ ಫ್ಯಾನ್ ಹಾಕಿದಾಗ ಕಾಗದ ಹಾರದಂತೆ ತಡೆಯುವುದು ಅದರ ಅಧಿಕೃತ ಹುದ್ದೆ.

ಇಂಥ ಮಹಾರಾಜರು ನನ್ನ ಅಂಗಡಿಗೆ ಟೈಪಿಂಗ್ ಕೆಲಸಕ್ಕೆ ಬಂದು ಕಂಪ್ಯೂಟರಿನ ಮುಂದೆ ಕೂತದ್ದು ಒಂದು ಯುದ್ಧಕಾಂಡ. ನಮ್ಮದು ಉಚ್ಚಾರಣೆಯ ಕೀಲಿಮಣೆ. ಇಂಗ್ಲಿಷಿನ ಕೆ ಒತ್ತಿದರೆ ಕ ಬರುತ್ತದೆ. ಸ್ವರದ ಕೀಲಿ ಬರೀ ಒತ್ತಿದರೆ ಹ್ರಸ್ವ, ಶಿಫ್ಟ್ ಹಿಡಿದು ಒತ್ತಿದರೆ ದೀರ್ಘ. ಅಂಗಡಿಯ ಆಪರೇಟರ್ ವೀರೇಶ ಇದನ್ನು ಬಿಡಿಸಿ ಹೇಳಿದಾಗ ಕಾಕಾ ಕಣ್ಣು ಕಿರಿದು ಮಾಡಿ ನೋಡಿದರು.

"ಅಂದ್ರ ಕೋ ಅನ್ನೂದು ಒಂದ ತುಂಡು?"

"ಹೌದ್ರಿ ಕಾಕಾ. ಕ ಹೊಡೆದ ಮ್ಯಾಲೆ ಓತ್ವ ಒಂದ ಒತ್ತಿಗೆ ಬರ್ತೈತಿ."

"ನಲವತ್ತು ವರ್ಷ ನಾ ಮೂರು ತುಂಡು ಜೋಡಿಸೇನಿ. ಕೆ ಒಂದು, ಕೊಂಬು ಒಂದು, ದೀರ್ಘ ಒಂದು. ನಿನ್ನ ಮಶೀನು ನನಗ ಕನ್ನಡ ಕಲಿಸ್ತೈತೇನಲೇ?"

ಕಾಕಾ ಸೋಲುವವರಲ್ಲ. ಪರದೆಯಲ್ಲಿ ಚಿಹ್ನೆಗಳ ಪೆಟ್ಟಿಗೆಯೊಂದು ತೆರೆಯುತ್ತದೆ; ಪ್ರಪಂಚದ ಎಲ್ಲ ಲಿಪಿಗಳ ಅಕ್ಷರಗಳೂ ಅದರಲ್ಲಿ ಸಂತೆಗೆ ಬಂದವರಂತೆ ಕೂತಿರುತ್ತವೆ. ಆ ಸಂತೆಯಲ್ಲಿ ಅಲೆದಲೆದು ಕಾಕಾ ತಮ್ಮ ದೀರ್ಘದ ಸುರುಳಿ ಬಿಡಿಯಾಗಿ ಕೂತಿದ್ದನ್ನು ಪತ್ತೆಹಚ್ಚಿದರು. ಪಕ್ಕದಲ್ಲೇ ಎತ್ವ, ಕೊಂಬಿನ ದೀರ್ಘ ಎಲ್ಲ ಇದ್ದವು. ಒಂದೊಂದನ್ನೂ ತಮಗೆ ಬೇಕಾದ ಕೀಲಿಗೆ ಕಟ್ಟಿಸಿಕೊಂಡರು. ಅಂದಿನಿಂದ ಅಚ್ಚುಕೂಟದಲ್ಲಿ ಜೋಡಿಸಿದಂತೆಯೇ ಜೋಡಿಸತೊಡಗಿದರು: ಕೀಗೆ ಎರಡು ತುಂಡು, ಕೇಗೆ ಎರಡು ತುಂಡು, ಕೋಗೆ ಮೂರು. ಪರದೆಯ ಮೇಲೆ ನೋಡಿದರೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ನಾವೂ ಸುಮ್ಮನಾದೆವು.

ಅವರಿಗೆ ಸಿಕ್ಕ ಎರಡನೇ ಆಯುಧ ಇನ್ನೂ ಮಾಯಾವಿ. ವ್ಯಂಜನದ ಸ್ವರ ತೆಗೆದು ಅರ್ಧಾಕ್ಷರ ಮಾಡಿ ಮುಂದೆ ಇನ್ನೊಂದು ವ್ಯಂಜನ ಹೊಡೆದರೆ ಅದು ಒತ್ತಾಗಿ ಕೆಳಗೆ ಇಳಿಯುತ್ತದೆ. ಹಾಗಾಗಿ ಕಾಕಾರ ಹೆಸರಿಗೆ 'ನ' ಸೇರಿಸಿದರೆ 'ಸುಭಾಷ್ನ' ಎಂದಾಗಿ, ನಕಾರ ಷಕಾರದ ಕಾಲಡಿ ಸಿಕ್ಕಿಬೀಳುತ್ತಿತ್ತು. ವೀರೇಶ ಒಂದು ಕಾಣದ ಅಕ್ಷರ ತೋರಿಸಿಕೊಟ್ಟ. ಅದಕ್ಕೆ ಅಗಲವಿಲ್ಲ, ಆಕಾರವಿಲ್ಲ. ನಡುವೆ ಕೂತು ಎರಡನ್ನೂ ಬೇರೆ ಇಡುತ್ತದೆ ಅಷ್ಟೆ. ಹಾಕಿದೊಡನೆ 'ಸುಭಾಷ್‌ನ' ಎಂದು ನೆಟ್ಟಗೆ ನಿಂತಿತು.

ಕಾಕಾರಿಗೆ ಆನಂದವೋ ಆನಂದ. "ಇದು ನಮ್ಮ ಸ್ಪೇಸಿನ ಸೀಸ. ಅಚ್ಚಿಗೆ ಬರೂದಿಲ್ಲ, ಸಾಲು ಹಿಡಿದಿಡ್ತೈತಿ" ಎಂದರು. ಅಚ್ಚುಕೂಟದಲ್ಲಿ ಮೊಳೆ ಅಲುಗದಂತೆ ಸಂದಿ ಸಂದಿಗೆ ಸೀಸದ ಚಕ್ಕೆ ತುರುಕುತ್ತಿದ್ದವರು, ಇಲ್ಲಿಯೂ ಅರ್ಧಾಕ್ಷರ ಕಂಡಲ್ಲೆಲ್ಲ, ಬೇಕಿರಲಿ ಬೇಡವಾಗಿರಲಿ, ಅದನ್ನು ತುರುಕಿದರು. ಪದದ ಕೊನೆಯಲ್ಲಿ ಮುಂದೆ ಅಂಟಿಕೊಳ್ಳಲು ಯಾವ ಅಕ್ಷರವೂ ಇರುವುದಿಲ್ಲ, ಅಲ್ಲಿಯೂ ಒಂದು.

ಹೀಗೆ ಸಾಮ್ರಾಜ್ಯ ಸುಭಿಕ್ಷವಾಗಿದ್ದಾಗ ವೈಶಾಲಿ ಬಂದಳು.

ವೈಶಾಲಿ ಇಲ್ಲಿಯ ಕಾಲೇಜಿನಲ್ಲಿ ಪಾಠ ಮಾಡುವವಳು, ರನ್ನ ಬೆಳಗಲಿಯ ಮಗಳು. ಅವಳ ಅಜ್ಜಿ ಹಾಲವ್ವನ ಜೋಗುಳ ಎಂದರೆ ಆ ಊರಿನಲ್ಲಿ ಅಳುವ ಕೂಸು ಹಾಗಿರಲಿ, ಜಗಳ ಹತ್ತಿದ ಸೊಸೆಯಂದಿರೂ ಸುಮ್ಮನಾಗುತ್ತಿದ್ದರಂತೆ. ವೈಶಾಲಿ ಬಸುರಿಯಾಗಿದ್ದಳು. ಕೂಸಿಗೆ ಹೆಸರಿಡುವ ದಿನ ಅಜ್ಜಿಯ ಜೋಗುಳಗಳ ಪುಸ್ತಕ ತೊಟ್ಟಿಲ ಬಳಿ ಇರಬೇಕೆಂಬುದು ಅವಳ ಆಸೆ. ಅಜ್ಜಿಗೆ ಉಸಿರು ಮೊದಲಿನಂತಿರಲಿಲ್ಲ, ಆಗಾಗ ಪದದ (ನಮ್ಮ ಕಡೆ ಹಾಡಿಗೆ ಪದ ಎನ್ನುತ್ತಾರೆ) ನಡುವೆ ನಿಂತು "ಮುಂದೇನಬೇ?" ಎಂದು ತನ್ನನ್ನೇ ಕೇಳಿಕೊಳ್ಳುತ್ತಿದ್ದಳು. ಬರೆದಿಡದಿದ್ದರೆ ಆ ಪದಗಳು ಅವಳ ಸಂಗಡವೇ ಹೋಗುತ್ತಿದ್ದವು.

ಫೋನಿನಲ್ಲಿ ಹಾಡು ಹಿಡಿಯಲು ನೋಡಿದರು. "ಅದು ನನ್ನ ಮಾರಿ ನೋಡಾಕ ಹತ್ತಿದ್ರ ಪದಾ ಬರೂದಿಲ್ಲ" ಎಂದಳು ಹಾಲವ್ವ. ಕೊನೆಗೆ ಕಾಕಾ ಲ್ಯಾಪ್‌ಟಾಪು, ಡಬ್ಬಿ ಎರಡನ್ನೂ ಹೆಗಲಿಗೇರಿಸಿ ಬಸ್ಸು ಹತ್ತಿದರು. ವೈಶಾಲಿಯ ಅಣ್ಣನ ಕೂಸು ಆಗ ತೊಟ್ಟಿಲಲ್ಲಿತ್ತು. ಅಜ್ಜಿ ಹಗ್ಗ ಹಿಡಿದು ಜಗ್ಗುತ್ತ ಹಾಡಿದಳು, ಕಾಕಾ ಮೂಲೆಯಲ್ಲಿ ಕೂತು ಕೇಳಿದಂತೆಯೇ ಹೊಡೆದರು. ಎಷ್ಟೋ ಸಲ ಹೋಗಿ ಬಂದರು. ಪ್ರತಿಸಲವೂ ಹಾಲವ್ವನ ಜೋಳದ ರೊಟ್ಟಿ ತಿಂದು, ಕೂಸಿಗಿಂತ ಮೊದಲು ತಾವೇ ನಿದ್ದೆ ಮಾಡಿ ಬಂದದ್ದೂ ಉಂಟು.

ಕೆಲಸ ಮುಗಿದ ದಿನ ವೈಶಾಲಿ ಅಂಗಡಿಗೆ ಬಂದು ಫೈಲು ತೆರೆದಳು. ಯಾವ ಹಾಡು ಎಲ್ಲಿದೆ ನೋಡಲು ಹುಡುಕುವ ಪೆಟ್ಟಿಗೆಯಲ್ಲಿ 'ಜೋ' ಎಂದು ಹೊಡೆದಳು.

ಸಿಗಲಿಲ್ಲ ಎಂದಿತು ಯಂತ್ರ.

ಜೋಗುಳದ ಪುಸ್ತಕ. ಪರದೆಯ ತುಂಬ ಮೇಲಿನಿಂದ ಕೆಳಗಿನವರೆಗೆ ಜೋ ಜೋ ಜೋ. ಯಂತ್ರ ಮಾತ್ರ ತಾನು ಜೋ ಎಂಬುದನ್ನು ಹುಟ್ಟಿದಾಗಿನಿಂದ ಕಂಡೇ ಇಲ್ಲ ಎಂದು ಆಣೆ ಮಾಡುತ್ತಿದೆ.

"ಕಾಕಾ, ನಿಮ್ಮ ಜೋ ಬ್ಯಾರೆ, ನನ್ನ ಜೋ ಬ್ಯಾರೆ ಏನ್ರಿ?" ಎಂದಳು ವೈಶಾಲಿ.

"ಜೋ ಎಲ್ಲಾರದೂ ಒಂದ ತಾಯಿ. ನಿನ್ನ ಮಶೀನಿಗೆ ಕಣ್ಣಿಲ್ಲ" ಎಂದರು ಕಾಕಾ.

ಪುಟ ಕಟ್ಟುವುದು ಬನಹಟ್ಟಿಯ ಮುದ್ರಣಾಲಯದಲ್ಲಿ. ಅವರದು ಹಳೆಯ ಬಗೆಯ ಫಾಂಟು. ನಮ್ಮ ಫೈಲನ್ನು ಅದಕ್ಕೆ ಮಾರ್ಪಡಿಸಿಕೊಳ್ಳಬೇಕು. ಬೆಳಿಗ್ಗೆ ಫೈಲು ಕಳಿಸಿದರೆ ಅಲ್ಲಿಂದ ಮಧ್ಯಾಹ್ನವೇ ಫೋನು ಬಂತು. ದೀರ್ಘ ಇದ್ದಲ್ಲೆಲ್ಲ ಕಸ, ಅರ್ಧಾಕ್ಷರದ ಮುಂದೆಲ್ಲ ಪ್ರಶ್ನಾರ್ಥಕ ಚಿಹ್ನೆ. "ಇದೇನು ಜೋಗುಳೋ, ಪೊಲೀಸರ ವಿಚಾರಣೆಯೋ" ಎಂದು ಕೇಳಿದರಂತೆ.

ವೀರೇಶ ಕಾಣದ ಗುರುತುಗಳನ್ನು ಕಾಣಿಸುವ ಗುಂಡಿ ಒತ್ತಿದ. ಅರ್ಧಾಕ್ಷರ ಇದ್ದಲ್ಲೆಲ್ಲ ಸಣ್ಣ ಸಣ್ಣ ಪೆಟ್ಟಿಗೆಗಳು ತಿಗಣೆಯಂತೆ ಎದ್ದವು. ಒಂದು ಜೋ ಮೇಲೆ ಅಳಿಸುವ ಕೀಲಿ ಒತ್ತಿದ: ಮೊದಲು ದೀರ್ಘ ಉದುರಿತು, ಮತ್ತೆ ಒತ್ತಿದಾಗ ಕೊಂಬು, ಮತ್ತೆ ಒತ್ತಿದಾಗ ಎತ್ವ.

"ಮೂರು ತುಂಡು" ಎಂದ ವೀರೇಶ, ನನ್ನ ಕಡೆ ನೋಡಿ. "ನಾವು ಹುಡುಕೂದು ಒಂದು ತುಂಡು. ಕಣ್ಣಿಗೆ ಒಂದ ಕಾಣ್ತೈತಿ, ಮಶೀನಿಗೆ ಬ್ಯಾರೆ ಬ್ಯಾರೆ."

"ಅಂವ ನನ್ನ ಜೋಡಣೆಯಾಗ ಒಂದು ತಪ್ಪು ಹುಡುಕಿದ್ರ ಹೇಳು" ಎಂದು ಕಾಕಾ ಕಿಟಕಿಯ ಕಡೆ ಮುಖ ತಿರುಗಿಸಿದರು.

ನಿಜ, ಕಾಕಾ ಎಲ್ಲಿಯೂ ಅಡ್ಡಾದಿಡ್ಡಿ ಮಾಡಿರಲಿಲ್ಲ. ಒಂದೇ ಬಗೆಯಲ್ಲಿ ಮೊದಲಿನಿಂದ ಕೊನೆಯವರೆಗೆ ಜೋಡಿಸಿದ್ದರು. ಹಾಗಿದ್ದ ಮೇಲೆ ರಿಪೇರಿ ಸುಲಭ. ಮೂರು ತುಂಡು ಕಂಡಲ್ಲಿ ಒಂದು ಓತ್ವ ಹಾಕು. ಆಮೇಲೆ ಎರಡು ತುಂಡಿನ ಒತ್ವ, ಏತ್ವ, ಗುಡಿಸಿನ ದೀರ್ಘ. ಪದದ ಕೊನೆಯ ಕಾಣದ ಅಕ್ಷರ ಮಾತ್ರ ತೆಗೆ, ನಡುವಿನದನ್ನು ಬಿಡು. ಎಲ್ಲ ಒಂದು ಚಹಾ ಆರುವುದರೊಳಗೆ ಆಗುವ ಕೆಲಸ. ನಾನೂ ಹಾಗೆಂದು ಹೇಳಿ, ಕಾಕಾರ ಕೋಪ ಇಳಿಸಲು ಅವರನ್ನು ಚಹಾಕ್ಕೆ ಕರೆದುಕೊಂಡು ಹೋದೆ.

ಚಹಾ ಆರುವುದರೊಳಗೆ ವೀರೇಶ ಕುರುಕ್ಷೇತ್ರ ಮುಗಿಸಿದ್ದ.

ಅವನು ಅವಸರದ ವೀರ. ಮೊದಲು ಕಾಣದ ಅಕ್ಷರಗಳನ್ನೆಲ್ಲ ಒಂದೂ ಬಿಡದೆ ಸಂಹರಿಸಿದ. 'ತೊಟ್ಲ್‌ತೂಗ' ಎಂದು ಕಾಕಾ ಜಾಣತನದಿಂದ ಬಿಡಿಸಿಟ್ಟದ್ದು 'ತೊಟ್ಲ್ತೂಗ' ಎಂದಾಗಿ, ಟಕಾರದ ಕೆಳಗಿದ್ದ ಲಕಾರಕ್ಕೂ ಕೆಳಗೆ ತಕಾರ ಜೋತುಬಿತ್ತು. ಆಮೇಲೆ ಮೂರು ತುಂಡಿನದನ್ನು ಬಿಟ್ಟು ಎರಡು ತುಂಡಿನದಕ್ಕೆ ಮೊದಲು ಕೈಹಾಕಿದ. ಎತ್ವ ಮತ್ತು ಕೊಂಬು ಕಂಡಲ್ಲೆಲ್ಲ ಒಂದು ಒತ್ವ ಮಾಡಿದ. ಈಗ ಓತ್ವ ಇದ್ದಲ್ಲೆಲ್ಲ ಒತ್ವದ ಬಾಲಕ್ಕೆ ಒಂದು ದೀರ್ಘದ ಸುರುಳಿ ಬಿಡಿಯಾಗಿ ಉಳಿಯಿತು. ಇದೇನೋ ಕಸ ಉಳಿದಿದೆ ಎಂದುಕೊಂಡ. ಬಿಡಿ ದೀರ್ಘ ಕಂಡಲ್ಲೆಲ್ಲ ಅಳಿಸು ಎಂದು ಆಜ್ಞೆ ಕೊಟ್ಟ. ಆದರೆ ಕಾಕಾರ ಫೈಲಿನಲ್ಲಿ ಕೀ, ಕೇಗಳ ದೀರ್ಘವೂ ಬಿಡಿಯೇ. ಎಲ್ಲವೂ ಒಂದೇ ಒತ್ತಿಗೆ ಮಡಿದವು. ಕಾ, ಕೂಗಳು ಬೇರೆ ವಂಶದವಾದ್ದರಿಂದ ಬದುಕಿಕೊಂಡವು. ಲ್ಯಾಪ್‌ಟಾಪಿನ ಅದೇ ಫೈಲಿನ ಮೇಲೆ ಉಳಿಸಿ, ಮುಚ್ಚಿ, ಹಳೆಯ ಪ್ರತಿಯಿದ್ದ ಕಾಕಾರ ಪೆನ್‌ಡ್ರೈವಿಗೂ ಅದನ್ನೇ ಹಾಕಿ, ಅಡಿಕೆ ತಿನ್ನುತ್ತ ಕೂತಿದ್ದ. ಹಿಂದಕ್ಕೆ ಹೋಗುವ ದಾರಿ ಫೈಲು ಮುಚ್ಚಿದಾಗಲೇ ಮುಚ್ಚಿತ್ತು. ಬನಹಟ್ಟಿಯವರು ತಮ್ಮ ಬಳಿ ಇದ್ದ ಪ್ರತಿಯನ್ನು ಕಸವೆಂದು ಆಗಲೇ ಅಳಿಸಿದ್ದರು.

ವೈಶಾಲಿ ಹುಡುಕುವ ಪೆಟ್ಟಿಗೆಯಲ್ಲಿ ಮತ್ತೆ 'ಜೋ' ಹೊಡೆದಳು. ಸಿಗಲಿಲ್ಲ. ಈ ಸಲ ಯಂತ್ರ ಹೇಳಿದ್ದು ಖರೆ.

*ಜೊ ಜೊ ಕಂದಯ್ಯ, ಜೊಳದ ತೆನೆಯಯ್ಯ,*
*ತೆಲಿ ಬಾ ನಿದ್ದಿ ಹೊಳಿಯಾಗ.*

ಕಾಕಾ ಗಟ್ಟಿಯಾಗಿ ಓದಿದರು. ಓದುವಾಗ ನಿಜಕ್ಕೂ ಕೆಮ್ಮಿದಂತೆಯೇ ಕೇಳಿಸಿತು. ಆಮೇಲೆ ಡಬ್ಬಿಯ ಮುಚ್ಚಳ ತೆಗೆದು, ಸೀಸದ ದೀರ್ಘಗಳನ್ನು ಬೆರಳಾಡಿಸಿ ನೋಡಿ, ಮತ್ತೆ ಮುಚ್ಚಿದರು. ವೀರೇಶನಿಗೆ ಅದು ಬೈದದ್ದಕ್ಕಿಂತ ಹೆಚ್ಚಾಯಿತು. ಅವನು ಬಾಯಲ್ಲಿದ್ದ ಅಡಿಕೆಯನ್ನು ನುಂಗಿಬಿಟ್ಟ.

"ಊಹೆ ಮೇಲೆ ಹಾಕಬಹುದಲ್ರಿ" ಎಂದೆ ನಾನು. "ಜೊಳ ಅಂದ್ರ ಜೋಳ ಅಂತ ಯಾರಿಗೂ ಗೊತ್ತಾಗ್ತೈತಿ."

"ಜೋಳ ಗೊತ್ತಾತು. ನಿದ್ದಿ ಅಂದ್ಳೋ ನಿದ್ದೀ ಅಂದ್ಳೋ? ಆಕಿ ಎಲ್ಲಿ ಎಳೀತಾಳ, ಎಲ್ಲಿ ಬಿಡ್ತಾಳ, ಅದು ಯಾವ ಡಿಕ್ಷನರಿಯಾಗ ಐತಿ?" ಎಂದರು ಕಾಕಾ. "ತೊಟ್ಟಲಾ ಆ ಕಡೆ ಹೋದಾಗ ಎಳೀತಾಳ, ಈ ಕಡೆ ಬಂದಾಗ ಬಿಡ್ತಾಳ. ಆಕಿ ಬಾಯಿಂದನ ಬರ್ಬೇಕು."

ಹೆರಿಗೆಗೆ ಇನ್ನು ಹೆಚ್ಚು ದಿನ ಉಳಿದಿರಲಿಲ್ಲ. ಮರುದಿನವೇ ನಾವು ನಾಲ್ವರೂ ರನ್ನ ಬೆಳಗಲಿಗೆ ಹೊರಟೆವು. ವೀರೇಶ ಪ್ರಾಯಶ್ಚಿತ್ತವಾಗಿ ಕಾಕಾರ ಡಬ್ಬಿ ಹೊತ್ತ.

ಹಾಲವ್ವ ಪಡಸಾಲೆಯಲ್ಲಿ ಕಾಳು ಹಸನು ಮಾಡುತ್ತ ಕೂತಿದ್ದಳು. ಸುದ್ದಿ ಕೇಳಿ ನಕ್ಕಳು.

"ದೀರ್ಘ ಕಳಕೊಂಡು ಬಂದೀರಿ? ಎಮ್ಮಿ ಕಳಕೊಂಡು ಬಂದಂಗ ಮಾರಿ ಮಾಡೀರಲ್ಲೋ."

"ಒಂದಿಷ್ಟು ಹಾಡಬೇ ಆಯಿ" ಎಂದಳು ವೈಶಾಲಿ.

ಹಾಲವ್ವ ಬಾಯಿ ತೆರೆದಳು. ಮೊದಲ ಸಾಲು ಬಂತು, ಎರಡನೆಯದು ಬರಲಿಲ್ಲ. ಬರಿಗೈಯನ್ನು ಗಾಳಿಯಲ್ಲಿ ಜಗ್ಗಿ ನೋಡಿದಳು. "ಕೈಯಾಗ ಹಗ್ಗ ಇಲ್ಲದ ಬಾಯಿಗೆ ಪದಾ ಏರೂದಿಲ್ಲವಾ" ಎಂದಳು.

ತೊಟ್ಟಿಲು ತೊಲೆಯಲ್ಲಿ ತೂಗಾಡುತ್ತಿತ್ತು. ಆದರೆ ಅದರ ಕೂಸು ಈ ನಾಲ್ಕಾರು ತಿಂಗಳಲ್ಲಿ ನಡೆಯಲು ಕಲಿತು, ಈಗ ಅಂಗಳದಲ್ಲಿ ಆಡಿನ ಮರಿಯ ಬಾಲ ಹಿಡಿದು ಓಡುತ್ತಿತ್ತು. ಎತ್ತಿ ತಂದು ಮಲಗಿಸಿದರೆ ಊರು ಕೇಳುವಂತೆ ಅರಚಿ ಇಳಿದುಹೋಯಿತು.

"ಹಂಗ ತೂಗ್ರಿ ಆಯಿ, ಏನಾಗ್ತೈತಿ" ಎಂದ ವೀರೇಶ.

ಹಾಲವ್ವ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಖಾಲಿ ತೊಟ್ಟಲಾ ತೂಗಬಾರ್ದಪ್ಪಾ. ಅದೂ ಮನ್ಯಾಗ ಬಸುರಿ ಇದ್ದಾಗ. ನಿನಗ ಯಾರೂ ಹೇಳಿಲ್ಲೇನು?"

ಅಲ್ಲಿಗೆ ಎಲ್ಲ ಮುಗಿಯಿತು ಅನ್ನಿಸಿತು. ತೊಟ್ಟಿಲು ತೂಗದೆ ಪದವಿಲ್ಲ, ಕೂಸಿಲ್ಲದೆ ತೂಗುವಂತಿಲ್ಲ, ಬೇಕಾದ ಕೂಸು ಹುಟ್ಟುವ ಹೊತ್ತಿಗೆ ಪುಸ್ತಕ ಸಿದ್ಧವಾಗಿರಬೇಕು. ವೈಶಾಲಿ ಕಂಬಕ್ಕೆ ಒರಗಿ ಹೊಟ್ಟೆಯ ಮೇಲೆ ಕೈಯಿಟ್ಟು ಕೂತಳು.

ಕಾಕಾ ಎದ್ದರು. ವೀರೇಶನ ಕೈಯಿಂದ ಡಬ್ಬಿ ತೆಗೆದುಕೊಂಡು, ತಮ್ಮ ಹೆಗಲ ಮೇಲಿನ ಟವೆಲಿನಲ್ಲಿ ಸುತ್ತಿ, ಎರಡೂ ಕೈಯಲ್ಲಿ ಹಿಡಿದು ಹಾಲವ್ವನ ಮುಂದೆ ನಿಂತರು.

"ಇದನ್ನ ಹಿಡಿಬೇ ಯವ್ವಾ."

ಹಾಲವ್ವ ಮಡಿಲಿಗೆ ತೆಗೆದುಕೊಂಡಳು. ಕೈ ಕೆಳಗೆ ಜಗ್ಗಿತು. "ಕೂಸಿನ ಭಾರ ಐತಿ" ಎಂದಳು, ತುಸು ಅಚ್ಚರಿಯಿಂದ. "ಏನೋ ಇದು?"

"ಹೆಸರಿಡೂ ಮುಂದ ತೊಟ್ಟಲದಾಗ ಮೊದಲು ಗುಂಡಪ್ಪನ್ನ ಮಲಗಿಸ್ತೀರಲ್ಲ, ಆಮ್ಯಾಲೆ ಕೂಸು. ಇದು ನನ್ನ ಗುಂಡಪ್ಪ."

ನಮ್ಮ ಕಡೆ ಹಾಗೆ ಮಾಡುತ್ತಾರೆ. ಕೂಸು ಕಲ್ಲಿನಂತೆ ಗಟ್ಟಿಯಾಗಲಿ ಎಂದು ಮೊದಲು ಅರೆಯುವ ಗುಂಡುಕಲ್ಲನ್ನು ತೊಟ್ಟಿಲಿಗೆ ಹಾಕಿ ತೂಗುತ್ತಾರೆ. ಹಾಲವ್ವ ಟವೆಲಿನ ಗಂಟನ್ನು ಒಮ್ಮೆ ನೋಡಿದಳು, ಕಾಕಾರ ಮುಖವನ್ನು ಒಮ್ಮೆ ನೋಡಿದಳು. "ಗುಂಡಪ್ಪ ಇದ್ದ ಮ್ಯಾಲೆ ಖಾಲಿ ಹೆಂಗಾದೀತು" ಎಂದು ಎದ್ದು ಹೋಗಿ ಅದನ್ನು ಮಲಗಿಸಿದಳು. ಟವೆಲಿನ ಅಂಚು ಸರಿಪಡಿಸಿದಳು. ತಲೆ ಯಾವ ಕಡೆ ಎಂದು ಕೇಳಲಿಲ್ಲ, ತಾನೇ ತೀರ್ಮಾನಿಸಿದಳು. ಹಗ್ಗ ಹಿಡಿದಳು.

ತೊಲೆ ಕಿರ್ ಎಂದಿತು. ಡಬ್ಬಿಯೊಳಗೆ ಸೀಸದ ದೀರ್ಘಗಳು ಆ ಕಡೆ ಜಾರಿದವು, ಈ ಕಡೆ ಜಾರಿದವು, ಹಗುರಾದ ಗೆಜ್ಜೆಯಂಥ ಸದ್ದು. ಹಾಲವ್ವನ ಕಣ್ಣುಗಳು ಮುಚ್ಚಿದವು, ಬಾಯಿ ತೆರೆಯಿತು.

*ಜೋ ಜೋ ಕಂದಯ್ಯ, ಜೋಳದ ತೆನೆಯಯ್ಯ,*
*ತೇಲಿ ಬಾ ನಿದ್ದೀ ಹೊಳಿಯಾಗ.*

ಕಾಕಾ ಲ್ಯಾಪ್‌ಟಾಪು ತೊಡೆಯ ಮೇಲಿಟ್ಟು ಕೂತಿದ್ದರು. ಪಕ್ಕದಲ್ಲಿ ವೀರೇಶ. "ಕಾಕಾ, ಅಕ್ಷರದ ಮುಂದ ನಿಂತು ಒಂದ್ಸಲ ಅಳಸ್ರಿ, ಗಿಡ್ಡ ಗುರುತಷ್ಟ ಹೋಗ್ತೈತಿ. ಆಮ್ಯಾಲೆ ಶಿಫ್ಟ್ ಹಿಡಿದು ಒಂದ ಒತ್ತು" ಎಂದು ಪಿಸುಗುಟ್ಟಿದ. ಕಾಕಾ ಶಿಫ್ಟ್ ಕೀಲಿಯ ಮೇಲೆ ಎಡಗೈಯ ಕಿರುಬೆರಳಿಟ್ಟರು. ತೊಟ್ಟಿಲು ಆ ಕಡೆ ಹೋದಾಗ ಬೆರಳು ಅದುಮಿದರು, ಈ ಕಡೆ ಬಂದಾಗ ಬಿಟ್ಟರು. ದೀರ್ಘಕ್ಕೆಂದು ಎಂದೂ ಶಿಫ್ಟ್ ಒತ್ತದ ಬೆರಳು ಅಂದು ಒತ್ತಿತು. ಅರ್ಧಾಕ್ಷರದ ನಡುವೆ ಬೇಕಾದಲ್ಲಿ ಮಾತ್ರ ಕಾಣದ ಅಕ್ಷರ ಹಾಕಿದರು. ಪದದ ಕೊನೆಯಲ್ಲಿ ಒಮ್ಮೆ ಅಭ್ಯಾಸಬಲದಿಂದ ಬೆರಳು ಹೋಯಿತು, ವೀರೇಶ ಗಂಟಲು ಸರಿಪಡಿಸಿಕೊಂಡ, ಬೆರಳು ಹಿಂದೆ ಬಂತು.

ಹಾಲವ್ವ ನಡುವೆ ನಿಲ್ಲಲಿಲ್ಲ. ಮೊದಲ ಸಲ ಮರೆತಿದ್ದ ಒಂದು ಪದವೂ ಎಲ್ಲಿಂದಲೋ ಬಂತು. ಉಸಿರು ಸೋತಾಗ ತೊಟ್ಟಿಲು ಮಾತ್ರ ತೂಗಿ, ಸೀಸದ ಸದ್ದು ಕೇಳುತ್ತ ಕೂತು, ಮತ್ತೆ ಎತ್ತಿಕೊಂಡಳು. ವೈಶಾಲಿ ಕಂಬಕ್ಕೆ ಒರಗಿದವಳು ಒರಗಿದಂತೆಯೇ ನಿದ್ದೆಹೋಗಿದ್ದಳು. ಅದೇ ಎಲ್ಲಕ್ಕಿಂತ ದೊಡ್ಡ ಪ್ರಮಾಣಪತ್ರ ಎಂದು ಕಾಕಾ ಬಸ್ಸಿನಲ್ಲಿ ಬರುವಾಗ ಹೇಳಿದರು.

ಪುಸ್ತಕ ಬನಹಟ್ಟಿಯಿಂದ ಅಚ್ಚಾಗಿ ಬಂತು. ಎಲ್ಲಿಯೂ ಕಸವಿಲ್ಲ, ಪ್ರಶ್ನೆಯಿಲ್ಲ. ವೈಶಾಲಿಗೆ ಹೆಣ್ಣು ಹುಟ್ಟಿತು. ಹೆಸರಿಡುವ ದಿನ ಗುಂಡಪ್ಪನನ್ನು ತರಲು ಯಾರೋ ಅಡುಗೆಮನೆಗೆ ಹೊರಟರೆ ಹಾಲವ್ವ ತಡೆದಳು. "ಆ ಕಲ್ಲು ಬ್ಯಾಡ. ಸುಭಾಷನ ಗುಂಡಪ್ಪನ್ನ ಕರೀರಿ" ಎಂದಳು. ಕಾಕಾ ಇಸ್ತ್ರಿ ಅಂಗಿ ತೊಟ್ಟು ಡಬ್ಬಿ ಹಿಡಿದುಕೊಂಡೇ ಬಂದಿದ್ದರು, ಕರೆಯುತ್ತಾರೆಂದು ಗೊತ್ತಿದ್ದವರಂತೆ. ಡಬ್ಬಿ ತೂಗಿ ಇಳಿಸಿದ ಮೇಲೆ ಕಾವ್ಯ ಎಂಬ ಆ ಕೂಸು ತೊಟ್ಟಿಲೇರಿತು. ಹಾಲವ್ವ ಹಗ್ಗವನ್ನು ಮೊಮ್ಮಗಳ ಕೈಗಿತ್ತಳು. ವೈಶಾಲಿ ಪುಸ್ತಕ ನೋಡಿಕೊಂಡು ಹಾಡಿದಳು, ಅಜ್ಜಿ ಎಳೆದಲ್ಲಿ ಎಳೆದಳು, ಬಿಟ್ಟಲ್ಲಿ ಬಿಟ್ಟಳು. ಹಾಲವ್ವ ಎಲ್ಲಿಯೂ ತಿದ್ದಲಿಲ್ಲ.

ಮೊನ್ನೆ ಆ ಫೈಲು ತೆರೆದು ಸುಮ್ಮನೆ 'ಜೋ' ಎಂದು ಹುಡುಕಿದೆ. ಒಂದಾದ ಮೇಲೊಂದು ಹಳದಿ ಬಳಿದುಕೊಂಡು ಎದ್ದು ನಿಂತವು. ಕಟ್ಟಕಡೆಯ ಹಾಡಿನ ಕಟ್ಟಕಡೆಯ ಜೋ ಮಾತ್ರ ಹಳದಿಯಾಗಲಿಲ್ಲ. ಅದರ ಮೇಲೆ ಅಳಿಸುವ ಕೀಲಿ ಒತ್ತಿದೆ: ದೀರ್ಘ ಉದುರಿತು. ಮತ್ತೆ ಒತ್ತಿದೆ: ಕೊಂಬು. ಗಾಬರಿಯಿಂದ ಹಿಂದಕ್ಕೆ ತಂದುಕೊಂಡೆ.

"ಕಾಕಾ, ಇದೊಂದು ಮೂರು ತುಂಡು ಉಳಿದೈತಲ್ರಿ. ಬನಹಟ್ಟಿಯವ್ರು ಹೆಂಗ ಬಿಟ್ರು?"

"ಅವರಿಗೆ ಕಳಿಸಿದ್ದು ಬ್ಯಾರೆ ಪ್ರತಿ. ಅದರಾಗ ಎಲ್ಲಾ ಒಂದ ತುಂಡು" ಎಂದರು ಕಾಕಾ, ಕಿವಿಯ ಮೇಲಿನ ಪೆನ್ಸಿಲು ಸರಿಪಡಿಸುತ್ತ. "ಇದು ಅಂಗಡಿ ಪ್ರತಿ. ಇದನ್ನ ಜೋಡಿಸಿದಾಂವ ಯಾರು ಅಂತ ಮಶೀನಿಗೂ ಗೊತ್ತಿರ್ಲಿ."

ನಾನು ಅದನ್ನು ಮುಟ್ಟದೆ ಫೈಲು ಮುಚ್ಚಿದೆ. ಫ್ಯಾನ್ ತಿರುಗುತ್ತಿತ್ತು. ಕಾಗದಗಳ ಮೇಲೆ ಡಬ್ಬಿ ಮಲಗಿತ್ತು.